ಹೈಡ್ರೋಜನ್‌ನ ಶಕ್ತಿಮಟ್ಟದ ಚಿತ್ರ ಓದುವುದು ಹೇಗೆ? ಬಾಣದಿಂದ ಬಣ್ಣದವರೆಗೆ

ದ್ವಿತೀಯ ಪಿಯುಸಿ ಭೌತಶಾಸ್ತ್ರ ಓದುವವರು ಪದೇ ಪದೇ ಕೇಳುವ ಪ್ರಶ್ನೆ ಇದು: "ಹೈಡ್ರೋಜನ್ ಪರಮಾಣುವಿನಲ್ಲಿ ಇರೋದೇ ಒಂದು ಎಲೆಕ್ಟ್ರಾನ್. ಹಾಗಿದ್ದ ಮೇಲೆ ಅದರ ಬೆಳಕಿನಲ್ಲಿ ಕೆಂಪು, ನೀಲಿ, ನೇರಳೆ ಅಂತ ಬೇರೆ ಬೇರೆ ರೇಖೆಗಳು ಎಲ್ಲಿಂದ ಬಂದವು?" ಇದರ ಬೆನ್ನಿಗೇ ಇನ್ನೊಂದು ಬರುತ್ತದೆ. ಪುಸ್ತಕದ ಚಿತ್ರದಲ್ಲಿ ಅಡ್ಡಗೆರೆಗಳೂ ಇವೆ, ಬಾಣಗಳೂ ಇವೆ. ಇದರಲ್ಲಿ ರೋಹಿತದ ರೇಖೆ ಯಾವುದು?

ಎರಡನೆಯದಕ್ಕೆ ಉತ್ತರ ಈಗಲೇ ಹೇಳಿಬಿಡುತ್ತೇನೆ. ಚಿತ್ರದ ಅಡ್ಡಗೆರೆ ರೋಹಿತದ ರೇಖೆಯಲ್ಲ. ಬಾಣವೇ ರೇಖೆ. ಒಂದು ಬಾಣಕ್ಕೆ ಒಂದು ರೇಖೆ. ಇಷ್ಟು ಗಟ್ಟಿಯಾದರೆ ಮೊದಲ ಪ್ರಶ್ನೆಯ ಉತ್ತರ ಅರ್ಧ ಸಿಕ್ಕಂತೆ. ಉಳಿದರ್ಧಕ್ಕೆ ಸ್ವಲ್ಪ ಲೆಕ್ಕ ಮಾಡಬೇಕು.

ಬೇಕಾಗುವುದು

ಒಂದು ಎ4 ಹಾಳೆ, ಸ್ಕೇಲು, ಪೆನ್ಸಿಲ್, ಕ್ಯಾಲ್ಕುಲೇಟರ್. ನೆನಪಿಡಬೇಕಾದ ಸಂಖ್ಯೆಗಳು ಎರಡೇ: 13.6 ಮತ್ತು 1240.

ಶಕ್ತಿಯನ್ನು ಇಲ್ಲಿ ಎಲೆಕ್ಟ್ರಾನ್ ವೋಲ್ಟ್‌ಗಳಲ್ಲಿ ಅಳೆಯುತ್ತೇವೆ. ಒಂದು ಎಲೆಕ್ಟ್ರಾನ್ 1 ವೋಲ್ಟ್ ವ್ಯತ್ಯಾಸವನ್ನು ದಾಟಿದಾಗ ಅದಕ್ಕೆ ಸಿಗುವ ಶಕ್ತಿ ಅದು. ಜೌಲ್‌ನಲ್ಲಿ ಬರೆದರೆ ದಶಮಾಂಶದ ನಂತರ ಸೊನ್ನೆಗಳ ಸಾಲೇ ಬರುತ್ತದೆ, ಅದಕ್ಕೇ ಈ ಪುಟ್ಟ ಅಳತೆ. ಮುಂದೆ ಇದನ್ನು ಚಿಕ್ಕದಾಗಿ ಇವಿ ಅನ್ನುತ್ತೇನೆ. ರಸ್ತೆ ಮೇಲೆ ಓಡುವ ಇವಿಗೂ ಇದಕ್ಕೂ ಸಂಬಂಧವಿಲ್ಲ! ಬೆಳಕಿನ ತರಂಗದೂರವನ್ನು, ಅಂದರೆ ಒಂದು ಅಲೆಯ ತುದಿಯಿಂದ ಮುಂದಿನ ಅಲೆಯ ತುದಿಗಿರುವ ದೂರವನ್ನು, ನ್ಯಾನೋಮೀಟರ್‌ಗಳಲ್ಲಿ ಹೇಳುತ್ತೇವೆ. ನಮ್ಮ ಕಣ್ಣಿಗೆ ಕಾಣುವುದು ಸುಮಾರು 400ರಿಂದ 700 ನ್ಯಾನೋಮೀಟರ್‌ವರೆಗಿನ ಬೆಳಕು. 400ರ ಕಡೆ ನೇರಳೆ, 700ರ ಕಡೆ ಕೆಂಪು.

ಹಂತ 1: ಚಿತ್ರವನ್ನು ನೀವೇ ಅಳತೆಗೆ ಬರೆಯಿರಿ

ಪುಸ್ತಕದ ಚಿತ್ರ ನೋಡಿ ಕಲಿಯುವುದಕ್ಕಿಂತ ಇದು ಎಷ್ಟೋ ವಾಸಿ. ಜಾಗ ಉಳಿಸಲು ಅಚ್ಚಿನ ಚಿತ್ರಗಳಲ್ಲಿ ಅಳತೆಯನ್ನು ಎಳೆದು, ಕುಗ್ಗಿಸಿ ಕೂರಿಸಿರುತ್ತಾರೆ. ಅದನ್ನೇ ನಿಜವೆಂದುಕೊಂಡರೆ ಮುಂದೆ ಪ್ರತಿ ಹೆಜ್ಜೆಗೂ ಗೊಂದಲ.

ಮಟ್ಟಗಳ ಶಕ್ತಿಗೆ ಸೂತ್ರ ಇಷ್ಟೇ:

```
E = -13.6 / n²   (eV)
```

ಇಲ್ಲಿ n ಅಂದರೆ ಮಟ್ಟದ ಕ್ರಮಸಂಖ್ಯೆ: 1, 2, 3, 4, ಹೀಗೆ. ಒಂದೂವರೆ, ಎರಡೂಕಾಲು ಅನ್ನುವ ಮಟ್ಟಗಳಿಲ್ಲ. ಇಡೀ ವಿಷಯದ ಬೀಜ ಇರುವುದೇ ಇಲ್ಲಿ.

ಈಗ ಹಾಳೆಯ ಮೇಲ್ಭಾಗದಲ್ಲಿ ಒಂದು ಅಡ್ಡಗೆರೆ ಎಳೆದು ಅದಕ್ಕೆ 0 ಎಂದು ಬರೆಯಿರಿ. ಒಂದು ಇವಿಗೆ ಒಂದು ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. ಮೇಲಿನ ಗೆರೆಯಿಂದ 13.6 ಸೆಂಟಿಮೀಟರ್ ಕೆಳಗೆ n = 1 ಬರುತ್ತದೆ. n = 2 ಬರುವುದು 3.4 ಸೆಂಟಿಮೀಟರ್ ಕೆಳಗೆ. n = 3 ಒಂದೂವರೆ ಸೆಂಟಿಮೀಟರ್ ಕೆಳಗೆ (ಸರಿಯಾಗಿ ಹೇಳಬೇಕೆಂದರೆ 1.51). n = 4 ಬರುವುದು 0.85ರಲ್ಲಿ, n = 5 ಬರುವುದು 0.54ರಲ್ಲಿ, n = 6 ಬರುವುದು 0.38ರಲ್ಲಿ. ಅದರಾಚೆ ಎಳೆಯಲು ಹೋದರೆ ಪೆನ್ಸಿಲ್ ಗೆರೆಗಳು ಒಂದರ ಮೇಲೊಂದು ಬೀಳುತ್ತವೆ. ಬೀಳಲಿ ಬಿಡಿ, ನಿಜವಾದ ಚಿತ್ರ ಇರುವುದೇ ಹಾಗೆ.

ಬರೆದದ್ದನ್ನು ಒಮ್ಮೆ ನೋಡಿ. ಒಟ್ಟು ಎತ್ತರದ ಮುಕ್ಕಾಲು ಪಾಲು ಮೊದಲ ಮತ್ತು ಎರಡನೇ ಮಟ್ಟದ ನಡುವೆಯೇ ಖಾಲಿ ಬಿದ್ದಿದೆ. ಉಳಿದ ಮಟ್ಟಗಳೆಲ್ಲ ಮೇಲಿನ ಕಾಲುಭಾಗದಲ್ಲಿ ಒತ್ತೊತ್ತಾಗಿ ಕೂತಿವೆ.

ಮೈನಸ್ ಚಿಹ್ನೆ ಕಂಡರೆ ತುಂಬ ಜನ ಗಾಬರಿಯಾಗುತ್ತಾರೆ. ಬಾವಿಯ ಕಟ್ಟೆಯನ್ನು ಸೊನ್ನೆ ಎಂದಿಟ್ಟುಕೊಂಡು ಆಳವನ್ನು ಕೆಳಮುಖವಾಗಿ ಎಣಿಸಿದರೆ ಎಲ್ಲ ಆಳವೂ ಮೈನಸ್ಸಿನಲ್ಲೇ ಬರುತ್ತದೆ ಅಲ್ವಾ, ಇದೂ ಹಾಗೆಯೇ. ಸೊನ್ನೆ ಅಂದರೆ ಎಲೆಕ್ಟ್ರಾನ್ ಪ್ರೋಟಾನ್‌ನ ಹಿಡಿತದಿಂದ ಆಗಷ್ಟೇ ಬಿಡಿಸಿಕೊಂಡ ಸ್ಥಿತಿ. ಮೈನಸ್ 13.6 ಅಂದರೆ ಅದನ್ನು ಹೊರಗೆ ತರಲು 13.6 ಇವಿ ಕೊಡಬೇಕು ಎಂದರ್ಥ. ತೀರಾ ಕೆಳಗಿನ n = 1ಕ್ಕೆ ಗ್ರೌಂಡ್ ಸ್ಟೇಟ್ ಎನ್ನುತ್ತಾರೆ. ಸುಮ್ನೆ ಬಿಟ್ಟರೆ ಎಲೆಕ್ಟ್ರಾನ್ ಇರುವುದು ಅಲ್ಲೇ.

ಎಡವುವ ಜಾಗ: ಈ ಚಿತ್ರವನ್ನು ಬೋರ್ ಮಾದರಿಯ ವೃತ್ತಗಳ ಚಿತ್ರದೊಂದಿಗೆ ಬೆರೆಸಬೇಡಿ. ಅಲ್ಲಿ ಬರೆದಿರುವುದು ದೂರ, ಇಲ್ಲಿ ಬರೆದಿರುವುದು ಶಕ್ತಿ. ವೃತ್ತಗಳ ತ್ರಿಜ್ಯ n² ಲೆಕ್ಕದಲ್ಲಿ ಬೆಳೆಯುವುದರಿಂದ ಹೊರಗೆ ಹೋದಷ್ಟೂ ಅಂತರ ಹಿಗ್ಗುತ್ತದೆ. ಶಕ್ತಿಯ ಚಿತ್ರದಲ್ಲಿ ಮೇಲೆ ಹೋದಷ್ಟೂ ಅಂತರ ಕುಗ್ಗುತ್ತದೆ. ಎರಡೂ ಚಿತ್ರ ಸರಿಯೇ, ಆದರೆ ಒಂದರ ಅಂತರ ನೋಡಿ ಇನ್ನೊಂದರ ಉತ್ತರ ಬರೆದರೆ ತಲೆಕೆಳಗಾಗುತ್ತದೆ. ಇನ್ನು, ಶಕ್ತಿಮಟ್ಟದ ಚಿತ್ರದಲ್ಲಿ ಎಡ–ಬಲಕ್ಕೆ ಯಾವ ಅರ್ಥವೂ ಇಲ್ಲ. ಅಡ್ಡಗೆರೆಯ ಉದ್ದ ಎಷ್ಟು, ಬಾಣ ಎಡಕ್ಕಿದೆಯೋ ಬಲಕ್ಕಿದೆಯೋ ಎಂಬುದನ್ನೆಲ್ಲ ನೋಡಲೇಬೇಡಿ. ಬಾಣಗಳು ಒಂದಕ್ಕೊಂದು ತಾಗದಿರಲಿ ಎಂದು ಪಕ್ಕಪಕ್ಕ ಬರೆದಿರುತ್ತಾರೆ, ಅಷ್ಟೇ.

ಹಂತ 2: ಬಾಣವನ್ನು ಓದಿ

ಬಾಣ ಅಂದರೆ ಎಲೆಕ್ಟ್ರಾನ್ ಒಂದು ಮಟ್ಟದಿಂದ ಇನ್ನೊಂದಕ್ಕೆ ಹೋಗುವುದು. ಬಾಣ ಕೆಳಮುಖವಾಗಿದ್ದರೆ ಪರಮಾಣು ಶಕ್ತಿಯನ್ನು ಬೆಳಕಾಗಿ ಹೊರಬಿಡುತ್ತಿದೆ. ಮೇಲ್ಮುಖವಾಗಿದ್ದರೆ ಹೀರಿಕೊಳ್ಳುತ್ತಿದೆ. ಒಂದು ಬಾಣಕ್ಕೆ ಒಂದು ಫೋಟಾನ್, ಅಂದರೆ ಬೆಳಕಿನ ಒಂದೇ ಒಂದು ಕಣ.

ಆ ಫೋಟಾನ್‌ನ ಶಕ್ತಿ ಎಷ್ಟು? ಬಾಣದ ಉದ್ದ ಎಷ್ಟೋ ಅಷ್ಟು. ನಿಮ್ಮ ಹಾಳೆಯಲ್ಲಿ n = 3ರಿಂದ n = 2ಕ್ಕೆ ಬಾಣ ಎಳೆದು ಸ್ಕೇಲಿನಿಂದ ಅಳೆಯಿರಿ. ಸುಮಾರು 1.9 ಸೆಂಟಿಮೀಟರ್ ಬರುತ್ತದೆ. ಅಂದರೆ 1.9 ಇವಿ. ಲೆಕ್ಕದಲ್ಲಿ 3.40ರಿಂದ 1.51 ಕಳೆದರೆ 1.89.

ಉತ್ತರಪತ್ರಿಕೆಗಳಲ್ಲಿ ಅತಿ ಹೆಚ್ಚು ತಪ್ಪು ಕಾಣುವುದು ಈ ಹಂತದಲ್ಲೇ. n = 3ರಿಂದ ಬಿದ್ದಿತು ಎಂದು 1.51ನ್ನೇ ಫೋಟಾನ್ ಶಕ್ತಿ ಎಂದು ಬರೆಯುವವರಿದ್ದಾರೆ. n = 2ಕ್ಕೆ ಬಂತು ಎಂದು 3.40 ಬರೆಯುವವರೂ ಇದ್ದಾರೆ. ಯಾವ ಮಟ್ಟದ ಶಕ್ತಿಯೂ ಬೆಳಕಾಗಿ ಹೊರಬರುವುದಿಲ್ಲ, ಬರುವುದು ಎರಡು ಮಟ್ಟಗಳ ವ್ಯತ್ಯಾಸ. ಇನ್ನು ಕೆಲವರು ಎರಡು ಮೈನಸ್ ಸಂಖ್ಯೆಗಳನ್ನು ಕೂಡಿಸಿ 4.91 ತರುತ್ತಾರೆ. ಚಿತ್ರ ಅಳತೆಗೆ ಬರೆದಿದ್ದರೆ ಈ ತಪ್ಪು ಕಣ್ಣಿಗೇ ಹೊಡೆಯುತ್ತದೆ. ಎರಡು ಸೆಂಟಿಮೀಟರ್‌ಗಿಂತ ಚಿಕ್ಕ ಬಾಣಕ್ಕೆ ಐದರ ಹತ್ತಿರದ ಉತ್ತರ ಬರಲು ಸಾಧ್ಯವೇ ಇಲ್ಲ.

ಹಂತ 3: ಶಕ್ತಿಯಿಂದ ತರಂಗದೂರಕ್ಕೆ

ಈಗ ಎರಡನೇ ಸಂಖ್ಯೆ:

```
λ (nm) = 1240 / ΔE (eV)
```

λ ಅಂದರೆ ತರಂಗದೂರ, ΔE ಅಂದರೆ ಬಾಣದ ಉದ್ದ. ಈ 1240 ಆಕಾಶದಿಂದ ಬಿದ್ದದ್ದಲ್ಲ. ಪ್ಲಾಂಕ್ ಸ್ಥಿರಾಂಕವನ್ನು ಬೆಳಕಿನ ವೇಗದಿಂದ ಗುಣಿಸಿ, ಇವಿ ಮತ್ತು ನ್ಯಾನೋಮೀಟರ್ ಲೆಕ್ಕಕ್ಕೆ ತಂದರೆ 1239.84 ಬರುತ್ತದೆ. ಅದನ್ನು ದುಂಡು ಮಾಡಿ 1240 ಎನ್ನುತ್ತೇವೆ. ಜೌಲ್, ಮೀಟರ್ ಎಂದು ಹತ್ತರ ಘಾತಗಳ ಜೊತೆ ಗುದ್ದಾಡುವ ಕೆಲಸ ಇದರಿಂದ ತಪ್ಪುತ್ತದೆ.

ಶಕ್ತಿ ಭಾಗಿಸುವ ಜಾಗದಲ್ಲಿದೆ, ಗಮನಿಸಿ. ಬಾಣ ಉದ್ದವಾದಷ್ಟೂ ತರಂಗದೂರ ಕಡಿಮೆ. ಅಂದರೆ ನೇರಳೆ ಕಡೆಗೆ, ಅದರಾಚೆಗೆ. ಗಿಡ್ಡ ಬಾಣ ಅಂದರೆ ಕೆಂಪು ಕಡೆಗೆ, ಅದರಾಚೆಗೆ. "ದೊಡ್ಡ ಬಾಣ, ದೊಡ್ಡ ತರಂಗದೂರ" ಎಂದು ಅವಸರದಲ್ಲಿ ಬರೆದುಬಿಡುವುದು ತುಂಬ ಸುಲಭ. ಎಚ್ಚರ.

3ರಿಂದ 2ಕ್ಕೆ ಇಳಿಯುವ ಲೆಕ್ಕವನ್ನು ಪೂರ್ತಿ ಮಾಡೋಣ. 1240ನ್ನು 1.89ರಿಂದ ಭಾಗಿಸಿದರೆ 656.1. ಮಟ್ಟಗಳನ್ನು ದುಂಡು ಮಾಡದೆ ಹೀಗೆ ಮಾಡಿ ನೋಡಿ:

```
ΔE = 13.6 × (1/4 - 1/9) = 1.8889 eV
λ  = 1240 / 1.8889 = 656.5 nm
```

ಪುಸ್ತಕದಲ್ಲಿ 656.3 ಎಂದಿದೆಯಲ್ಲ, ಯಾವುದು ಸರಿ? ಸೂತ್ರ ಕೊಡುವುದು ನಿರ್ವಾತದಲ್ಲಿನ ತರಂಗದೂರ. ಪುಸ್ತಕಗಳಲ್ಲಿ ಬರೆಯುವ 656.3 ಗಾಳಿಯಲ್ಲಿ ಅಳೆದದ್ದು. ಗಾಳಿಯಲ್ಲಿ ಬೆಳಕು ಒಂದಿಷ್ಟೇ ನಿಧಾನವಾಗುವುದರಿಂದ ತರಂಗದೂರ 0.2 ನ್ಯಾನೋಮೀಟರ್‌ನಷ್ಟು ಕಡಿಮೆಯಾಗುತ್ತದೆ. ಹಾಗಾಗಿ 656.5 ಬಂದರೆ ನಿಮ್ಮ ಲೆಕ್ಕ ತಪ್ಪಿಲ್ಲ. 656.1 ಬಂದಿದ್ದು ಮಾತ್ರ ದುಂಡು ಮಾಡಿದ್ದರ ಫಲ.

ಇಲ್ಲಿ ಅದು ಸಣ್ಣ ತಪ್ಪು. ಆದರೆ ಹತ್ತಿರಹತ್ತಿರದ ಮಟ್ಟಗಳಲ್ಲಿ ಇದೇ ದೊಡ್ಡದಾಗುತ್ತದೆ. 6ರಿಂದ 5ಕ್ಕೆ ಇಳಿಯುವುದನ್ನು 0.54ರಿಂದ 0.38 ಕಳೆದು ಮಾಡಿದರೆ 0.16 ಇವಿ, ತರಂಗದೂರ 7750 ನ್ಯಾನೋಮೀಟರ್. ಭಿನ್ನರಾಶಿ ಉಳಿಸಿಕೊಂಡು ಮಾಡಿದರೆ 0.1662 ಇವಿ, 7460 ನ್ಯಾನೋಮೀಟರ್. ಸುಮಾರು 300ರ ವ್ಯತ್ಯಾಸ! ಎರಡು ಸಣ್ಣ ಸಂಖ್ಯೆಗಳ ನಡುವಿನ ಇನ್ನೂ ಸಣ್ಣ ವ್ಯತ್ಯಾಸ ತೆಗೆಯುವಾಗ ದುಂಡು ಮಾಡುವುದನ್ನು ಕೊನೆಯ ಸಾಲಿಗೆ ಇಟ್ಟುಕೊಳ್ಳಿ.

ಹಂತ 4: ಕಣ್ಣಿಗೆ ಕಾಣುವ ನಾಲ್ಕು ರೇಖೆಗಳನ್ನು ಹೊರಡಿಸಿ

n = 2ಕ್ಕೆ ಬಂದು ಇಳಿಯುವ ನಾಲ್ಕು ಬಾಣಗಳನ್ನು ಎಳೆಯಿರಿ: 3, 4, 5 ಮತ್ತು 6ರಿಂದ. ಮೇಲಿನ ಹಾಗೆಯೇ ಲೆಕ್ಕ ಮಾಡಿದರೆ ಸಿಗುವುದು ಇದು:

```
3 → 2   1.889 eV   656.5 nm
4 → 2   2.550 eV   486.3 nm
5 → 2   2.856 eV   434.2 nm
6 → 2   3.022 eV   410.3 nm
```

ಮೊದಲನೆಯದು ಕೆಂಪು. ಎರಡನೆಯದು ಹಸಿರು ಬೆರೆತ ನೀಲಿ. ಮೂರನೆಯದು ನೀಲಿನೇರಳೆ. ನಾಲ್ಕನೆಯದು ಕಡು ನೇರಳೆ. ಕಣ್ಣಿನ ಶಕ್ತಿ ಆ ತುದಿಯಲ್ಲಿ ಕುಗ್ಗುವುದರಿಂದ ನಾಲ್ಕನೆಯದು ಎಲ್ಲರಿಗೂ ಸುಲಭವಾಗಿ ಕಾಣುವುದಿಲ್ಲ. ಲ್ಯಾಬಿನಲ್ಲಿ ಮೂರೇ ಕಂಡರೆ ಪ್ರಯೋಗ ಕೆಟ್ಟಿದೆ ಎಂದುಕೊಳ್ಳಬೇಡಿ. ಕೋಣೆಯನ್ನು ಇನ್ನಷ್ಟು ಕತ್ತಲು ಮಾಡಿ, ಕಣ್ಣು ಕತ್ತಲಿಗೆ ಹೊಂದಿಕೊಳ್ಳುವ ತನಕ ಕಾಯಿರಿ.

ಲ್ಯಾಬಿನ ಮಾತು ಬಂದಿದ್ದರಿಂದ ಇನ್ನೆರಡು ವಿಷಯ. ಹೈಡ್ರೋಜನ್ ಡಿಸ್ಚಾರ್ಜ್ ಟ್ಯೂಬನ್ನು, ಅಂದರೆ ಕಡಿಮೆ ಒತ್ತಡದ ಅನಿಲದಲ್ಲಿ ವಿದ್ಯುತ್ ಹರಿಸಿ ಬೆಳಗಿಸುವ ಗಾಜಿನ ಕೊಳವೆಯನ್ನು, ಬರಿಗಣ್ಣಿನಿಂದ ನೋಡಿದರೆ ಗುಲಾಬಿಯಂಥ ಒಂದೇ ಬಣ್ಣ ಕಾಣುತ್ತದೆ. ಅದು ಎಲ್ಲ ರೇಖೆಗಳೂ ಬೆರೆತ ಬಣ್ಣ. ಗ್ರೇಟಿಂಗ್ ಅಥವಾ ಪ್ರಿಸಂ ಇಟ್ಟಾಗಲೇ ಬೇರೆಯಾಗುತ್ತವೆ. ಅವು "ರೇಖೆ"ಯ ಆಕಾರದಲ್ಲಿ ಕಾಣುವುದೇಕೆಂದರೆ ಬೆಳಕು ಒಂದು ಕಿರಿದಾದ ಸೀಳಿನ ಮೂಲಕ ಬರುತ್ತದೆ. ಪ್ರತಿ ಬಣ್ಣವೂ ಆ ಸೀಳಿನ ಒಂದೊಂದು ಪಡಿಯಚ್ಚನ್ನು ಬೇರೆ ಬೇರೆ ಜಾಗದಲ್ಲಿ ಮೂಡಿಸುತ್ತದೆ. ಸೀಳು ದುಂಡಗಿದ್ದರೆ ದುಂಡು ಚುಕ್ಕೆಗಳು ಕಾಣುತ್ತಿದ್ದವು. ಎಲೆಕ್ಟ್ರಾನ್ ಇದ್ದ ಅಡ್ಡಗೆರೆಯೇ ಹೊರಗೆ ರೇಖೆಯಾಗಿ ಕಾಣುತ್ತಿದೆ ಅನ್ನುವ ಭ್ರಮೆಗೆ ಇಲ್ಲಿ ಜಾಗವಿಲ್ಲ.

ಎರಡನೆಯದು, ಟ್ಯೂಬಿನೊಳಗೆ ಒಡೆಯದ ಹೈಡ್ರೋಜನ್ ಅಣುಗಳೂ ಇರುತ್ತವೆ. ಎರಡು ಪರಮಾಣು ಸೇರಿದ ಈ ಅಣುಗಳು ತಮ್ಮದೇ ಆದ ಮಸುಕು ರೇಖೆಗಳ ಗುಂಪನ್ನು ಹಿನ್ನೆಲೆಯಲ್ಲಿ ಹರಡುತ್ತವೆ. ನಿಮ್ಮ ಚಿತ್ರದಲ್ಲಿ ಅವುಗಳಿಗೆ ಬಾಣ ಸಿಗುವುದಿಲ್ಲ. ಹುಡುಕುತ್ತಾ ಕೂರಬೇಡಿ.

ಈಗ ಮೇಲಿನ ಪಟ್ಟಿಯ ಕೊನೆಯ ಕಾಲಂ ನೋಡಿ. ಮೊದಲೆರಡು ರೇಖೆಗಳ ನಡುವೆ 170 ನ್ಯಾನೋಮೀಟರ್ ಅಂತರ. ಆಮೇಲೆ 52. ಆಮೇಲೆ 24. ನೇರಳೆ ಕಡೆಗೆ ಹೋದಂತೆ ರೇಖೆಗಳು ಒತ್ತೊತ್ತಾಗುತ್ತಿವೆ. ಕಾರಣ ನಿಮ್ಮ ಹಾಳೆಯಲ್ಲೇ ಇದೆ. ಬಾಣದ ಕೆಳತುದಿ n = 2ರಲ್ಲಿ ಕದಲದೆ ನಿಂತಿದೆ. ಮೇಲ್ತುದಿ ಮಾತ್ರ 3, 4, 5, 6 ಎಂದು ಮೇಲೇರುತ್ತಿದೆ, ಮತ್ತು ಆ ಮಟ್ಟಗಳು ಒಂದಕ್ಕೊಂದು ಹತ್ತಿರವಾಗುತ್ತಾ ಹೋಗುತ್ತವೆ. n = 2ರಿಂದ ಸೊನ್ನೆಗೆರೆಯವರೆಗೆ ಇರುವುದೇ 3.4 ಇವಿ. ಹಾಗಾಗಿ ಎಷ್ಟೇ ಮೇಲಿನಿಂದ ಬಿದ್ದರೂ 1240ನ್ನು 3.4ರಿಂದ ಭಾಗಿಸಿದ 364.7 ನ್ಯಾನೋಮೀಟರ್ ಆಚೆಗೆ ಈ ಸಾಲು ದಾಟುವುದಿಲ್ಲ. ರೇಖೆಗಳು ಅಲ್ಲಿಗೆ ಬಂದು ರಾಶಿ ಬೀಳುತ್ತವೆ.

ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಶಾಲಾ ಶಿಕ್ಷಕರಾಗಿದ್ದ ಯೋಹಾನ್ ಬಾಲ್ಮರ್ 1885ರಲ್ಲಿ ಈ ನಾಲ್ಕು ತರಂಗದೂರಗಳಿಗೆ ಹೊಂದುವ ಒಂದು ಸೂತ್ರ ಕಂಡುಕೊಂಡರು. ಆಗ ಶಕ್ತಿಮಟ್ಟ ಅನ್ನುವ ಕಲ್ಪನೆಯೇ ಇರಲಿಲ್ಲ, ಎಲೆಕ್ಟ್ರಾನ್ ಕೂಡ ಪತ್ತೆಯಾಗಿರಲಿಲ್ಲ. ಅವರ ಮುಂದಿದ್ದದ್ದು ಅಳತೆಯ ಸಂಖ್ಯೆಗಳು ಮಾತ್ರ. ಆ ಸೂತ್ರ ಯಾಕೆ ಸರಿ ಎಂದು ಮಟ್ಟಗಳ ಮೂಲಕ ವಿವರಿಸಿದ್ದು ನೀಲ್ಸ್ ಬೋರ್, 1913ರಲ್ಲಿ.

ಹಂತ 5: ಬಾಣಗಳನ್ನು ಕುಟುಂಬಗಳಾಗಿ ವಿಂಗಡಿಸಿ

ನಿಯಮ ಒಂದೇ: ಬಾಣ ಎಲ್ಲಿ ಬಂದು ನಿಲ್ಲುತ್ತದೆ ನೋಡಿ. ಎಲ್ಲಿಂದ ಹೊರಟಿತು ಎಂಬುದರಿಂದ ಕುಟುಂಬ ನಿರ್ಧಾರವಾಗುವುದಿಲ್ಲ. n = 2ರಲ್ಲಿ ನಿಲ್ಲುವವು ಬಾಲ್ಮರ್ ಶ್ರೇಣಿ. n = 1ರಲ್ಲಿ ನಿಲ್ಲುವವು ಲೈಮನ್ ಶ್ರೇಣಿ. n = 3ರಲ್ಲಿ ನಿಲ್ಲುವವು ಪಾಶನ್ ಶ್ರೇಣಿ. 4 ಮತ್ತು 5ಕ್ಕೆ ಬ್ರಾಕೆಟ್, ಫುಂಡ್ ಎಂಬ ಹೆಸರುಗಳಿವೆ.

ಬಾಲ್ಮರ್ ಶ್ರೇಣಿಯ ರೇಖೆಗಳು ಮಾತ್ರ ಕಣ್ಣಿಗೆ ಕಾಣುವುದೇಕೆ? ಹಾಳೆ ನೋಡಿ. ಲೈಮನ್ ಬಾಣಗಳಲ್ಲಿ ಅತಿ ಗಿಡ್ಡದ್ದೇ 10.2 ಸೆಂಟಿಮೀಟರ್. ಅಂದರೆ 121.6 ನ್ಯಾನೋಮೀಟರ್, ಪೂರ್ತಿ ಅಲ್ಟ್ರಾವಯಲೆಟ್. ಪಾಶನ್ ಬಾಣಗಳಲ್ಲಿ ಅತಿ ಉದ್ದದ್ದೂ 1.51 ಸೆಂಟಿಮೀಟರ್ ದಾಟುವುದಿಲ್ಲ. ಅಂದರೆ 820 ನ್ಯಾನೋಮೀಟರ್‌ಗಿಂತ ಹೆಚ್ಚು, ಪೂರ್ತಿ ಇನ್ಫ್ರಾರೆಡ್. ಕಣ್ಣಿಗೆ ಕಾಣುವ ಬೆಳಕಿಗೆ ಸುಮಾರು 1.8ರಿಂದ 3.1 ಸೆಂಟಿಮೀಟರ್ ಉದ್ದದ ಬಾಣ ಬೇಕು. ಅಂಥವು ಸಿಗುವುದು n = 2ರಲ್ಲಿ ಮಾತ್ರ.

ಹಂತ 6: ಒಂದೇ ಎಲೆಕ್ಟ್ರಾನ್, ಇಷ್ಟೊಂದು ರೇಖೆ?

ಈಗ ಮೊದಲ ಪ್ರಶ್ನೆಗೆ ಬರೋಣ. ಒಂದು ಪರಮಾಣು ಒಂದು ಸಲಕ್ಕೆ ಒಂದೇ ಬಾಣ ಇಳಿಯುತ್ತದೆ, ಒಂದೇ ಫೋಟಾನ್ ಬಿಡುತ್ತದೆ. ಆದರೆ ಟ್ಯೂಬಿನಲ್ಲಿ ಇರುವುದು ಒಂದು ಪರಮಾಣು ಅಲ್ಲ, ಲೆಕ್ಕಕ್ಕೆ ಸಿಗದಷ್ಟು. ಯಾವುದೋ ಒಂದು 3ರಿಂದ 2ಕ್ಕೆ ಇಳಿಯುತ್ತಿರುವಾಗ ಇನ್ನೊಂದು 5ರಿಂದ 2ಕ್ಕೆ, ಮತ್ತೊಂದು 2ರಿಂದ 1ಕ್ಕೆ ಇಳಿಯುತ್ತಿರುತ್ತದೆ. ಇಳಿದದ್ದನ್ನು ವಿದ್ಯುತ್ ಮತ್ತೆ ಮೇಲಕ್ಕೆ ಎತ್ತುತ್ತಿರುತ್ತದೆ. ನೀವು ನೋಡುವುದು ಇವೆಲ್ಲದರ ಒಟ್ಟು ಬೆಳಕು.

ಒಂದು ಎಲೆಕ್ಟ್ರಾನ್ n = 4ರಲ್ಲಿದೆ ಎಂದುಕೊಳ್ಳಿ. ಅದು ಒಂದೇ ಜಿಗಿತಕ್ಕೆ 1ಕ್ಕೆ ಹೋಗಬಹುದು. ಅಥವಾ 2ರಲ್ಲಿ ನಿಂತು ಹೋಗಬಹುದು. ಅಥವಾ 3, 2, 1 ಎಂದು ಒಂದೊಂದೇ ಇಳಿಯಬಹುದು. ಹಾಗಾಗಿ ಒಂದು ಪರಮಾಣು ಮೂರಕ್ಕಿಂತ ಹೆಚ್ಚು ಫೋಟಾನ್ ಬಿಡುವುದಿಲ್ಲ. ಆದರೆ ಬಹಳ ಪರಮಾಣುಗಳಿದ್ದರೆ ಸಾಧ್ಯವಿರುವ ಎಲ್ಲ ಬಾಣಗಳೂ ಬಳಕೆಯಾಗುತ್ತವೆ: 4→3, 4→2, 4→1, 3→2, 3→1, 2→1. ಒಟ್ಟು ಆರು. ಸೂತ್ರ ಬೇಕಿದ್ದರೆ:

```
n(n - 1) / 2
```

ಪ್ರಶ್ನೆಯಲ್ಲಿ "ಒಂದು ಪರಮಾಣು" ಎಂದಿದೆಯೋ "ಪರಮಾಣುಗಳ ಸಮೂಹ" ಎಂದಿದೆಯೋ ಮೊದಲು ಓದಿ. ಅದರ ಮೇಲೆ ಉತ್ತರ 3 ಅಥವಾ 6 ಆಗುತ್ತದೆ.

ಮತ್ತು ಮಟ್ಟಗಳ ನಡುವೆ ನಿಲ್ಲಲು ಜಾಗವಿಲ್ಲದ್ದರಿಂದಲೇ ರೇಖೆಗಳು ಬಿಡಿಬಿಡಿಯಾಗಿವೆ. 1.89ಕ್ಕೂ 2.55ಕ್ಕೂ ನಡುವಿನ ಉದ್ದದ ಬಾಣ ನಿಮ್ಮ ಹಾಳೆಯಲ್ಲಿ ಎಳೆಯಲು ಬರುವುದೇ ಇಲ್ಲ. ಅದಕ್ಕೇ ಕೆಂಪಿಗೂ ನೀಲಿಗೂ ನಡುವೆ ಹಳದಿ, ಕಿತ್ತಳೆ, ಹಸಿರಿನ ಒಂದು ರೇಖೆಯೂ ಇಲ್ಲ.

ಹಂತ 7: ಒಂದು ಪೂರ್ತಿ ಲೆಕ್ಕ

ಪರೀಕ್ಷೆಗಳಲ್ಲಿ ಮತ್ತೆ ಮತ್ತೆ ಬರುವ ಪ್ರಶ್ನೆ: ಸಾಮಾನ್ಯ ಉಷ್ಣತೆಯಲ್ಲಿರುವ ಹೈಡ್ರೋಜನ್ ಅನಿಲಕ್ಕೆ 12.5 ಇವಿ ಶಕ್ತಿಯ ಎಲೆಕ್ಟ್ರಾನ್‌ಗಳನ್ನು ಹೊಡೆದರೆ ಯಾವ ತರಂಗದೂರಗಳು ಹೊಮ್ಮುತ್ತವೆ?

ಸಾಮಾನ್ಯ ಉಷ್ಣತೆ ಎಂದದ್ದು ಸುಮ್ನೆ ಅಲ್ಲ. ಎಲ್ಲ ಪರಮಾಣುಗಳೂ n = 1ರಲ್ಲಿವೆ ಎಂದರ್ಥ. ಅಲ್ಲಿಂದ 12.5 ಇವಿ ಮೇಲೇರಿದರೆ ಮೈನಸ್ 1.1ಕ್ಕೆ ತಲುಪುತ್ತೇವೆ. ಅಲ್ಲಿ ಮಟ್ಟವೇ ಇಲ್ಲ. n = 3 ಅದಕ್ಕಿಂತ ಕೆಳಗೆ, ಮೈನಸ್ 1.51ರಲ್ಲಿದೆ. n = 4 ಅದಕ್ಕಿಂತ ಮೇಲೆ, ಮೈನಸ್ 0.85ರಲ್ಲಿದೆ. ಹಾಗಾಗಿ ಪರಮಾಣು ಹೆಚ್ಚೆಂದರೆ n = 3ಕ್ಕೆ ಏರುತ್ತದೆ. ಅದಕ್ಕೆ ಬೇಕಾದದ್ದು 12.09 ಇವಿ. ಉಳಿದ 0.41 ಇವಿ ಹೊಡೆದ ಎಲೆಕ್ಟ್ರಾನ್ ಬಳಿಯೇ ಉಳಿಯುತ್ತದೆ.

ಇನ್ನು ಇಳಿಯುವುದು. 3→1ರಲ್ಲಿ 12.09 ಇವಿ, 102.6 ನ್ಯಾನೋಮೀಟರ್. 3→2ರಲ್ಲಿ 1.89 ಇವಿ, 656 ನ್ಯಾನೋಮೀಟರ್. 2→1ರಲ್ಲಿ 10.2 ಇವಿ, 121.6 ನ್ಯಾನೋಮೀಟರ್. ಮೂರು ರೇಖೆ. ಕಣ್ಣಿಗೆ ಕಾಣುವುದು ಕೆಂಪು ಒಂದೇ.

ಉತ್ತರ ಸರಿಯೇ ಎಂದು ನೋಡಲು ಸುಲಭ ದಾರಿ ಇದೆ. 1.89 ಮತ್ತು 10.2 ಕೂಡಿಸಿ. 12.09 ಬಂತು. ಎರಡು ಸಣ್ಣ ಬಾಣ ಸೇರಿದರೆ ಒಂದು ದೊಡ್ಡ ಬಾಣ ಆಗಲೇಬೇಕು. ಆದರೆ ಇದನ್ನು ತರಂಗದೂರದಲ್ಲಿ ಮಾಡಬೇಡಿ. 656 ಮತ್ತು 121.6 ಕೂಡಿದರೆ 102.6 ಎಂದೂ ಆಗುವುದಿಲ್ಲ. ಶಕ್ತಿ ಕೂಡುತ್ತದೆ, ತರಂಗದೂರ ಕೂಡುವುದಿಲ್ಲ.

ಇದೇ ಪ್ರಶ್ನೆಯಲ್ಲಿ "ಎಲೆಕ್ಟ್ರಾನ್" ಬದಲು "12.5 ಇವಿ ಫೋಟಾನ್" ಎಂದಿದ್ದರೆ ಉತ್ತರವೇ ಬೇರೆ. ಆಗ ಏನೂ ಆಗುವುದಿಲ್ಲ! ಎಲೆಕ್ಟ್ರಾನ್ ತನ್ನ ಶಕ್ತಿಯಲ್ಲಿ ಬೇಕಾದಷ್ಟನ್ನು ಕೊಟ್ಟು ಉಳಿದದ್ದನ್ನು ಇಟ್ಟುಕೊಳ್ಳಬಲ್ಲದು. ಹೀರಿಕೊಳ್ಳುವಾಗ ಫೋಟಾನ್ ಪೂರ್ತಿ ಹೋಗಬೇಕು. ಅದರ ಶಕ್ತಿ ಯಾವುದಾದರೂ ಬಾಣದ ಉದ್ದಕ್ಕೆ ಸರಿಹೊಂದದಿದ್ದರೆ ಅನಿಲದ ಮೂಲಕ ಹಾಗೇ ದಾಟಿಹೋಗುತ್ತದೆ. 13.6 ಇವಿ ದಾಟಿದ ಫೋಟಾನ್‌ಗೆ ಮಾತ್ರ ಈ ಕಟ್ಟುಪಾಡಿಲ್ಲ. ಅದು ಎಲೆಕ್ಟ್ರಾನನ್ನು ಹೊರಗೇ ಹಾಕುತ್ತದೆ. ಸೊನ್ನೆಗೆರೆಯ ಮೇಲೆ ಬಿಡಿ ಮಟ್ಟಗಳಿಲ್ಲದ್ದರಿಂದ ಹೆಚ್ಚುವರಿ ಶಕ್ತಿ ಎಲೆಕ್ಟ್ರಾನ್‌ನ ಚಲನೆಗೆ ಹೋಗುತ್ತದೆ.

ಹಂತ 8: ಬಾಣ ಮೇಲ್ಮುಖವಾದಾಗ

ಹೀರುವ ಬಾಣಗಳಿಗೂ ಅದೇ ಉದ್ದ, ಅದೇ ತರಂಗದೂರ. ವ್ಯತ್ಯಾಸವೆಂದರೆ ಹೊಳೆಯುವ ರೇಖೆಯ ಬದಲು ಕಾಮನಬಿಲ್ಲಿನಂಥ ಪಟ್ಟಿಯ ನಡುವೆ ಕಪ್ಪು ರೇಖೆ ಬೀಳುತ್ತದೆ. ಆದರೆ ಬಾಣ ಎಲ್ಲಿಂದ ಹೊರಡುತ್ತದೆ ಎಂದು ನೋಡಬೇಕು. ತಣ್ಣನೆಯ ಹೈಡ್ರೋಜನ್‌ನಲ್ಲಿ ಎಲ್ಲ ಎಲೆಕ್ಟ್ರಾನ್‌ಗಳೂ n = 1ರಲ್ಲಿರುವುದರಿಂದ ಅದು ಲೈಮನ್ ರೇಖೆಗಳನ್ನು ಮಾತ್ರ ಹೀರುತ್ತದೆ. ಕಣ್ಣಿಗೆ ಕಾಣುವ ಬೆಳಕನ್ನು ಮುಟ್ಟುವುದೇ ಇಲ್ಲ.

ಹಾಗಾದರೆ ಸೂರ್ಯನ ಬೆಳಕಿನಲ್ಲಿ 656.3ರಲ್ಲಿ ಕಪ್ಪು ರೇಖೆ ಯಾಕಿದೆ? ಅಲ್ಲಿನ ಮೇಲ್ಮೈ ಸುಮಾರು 5800 ಕೆಲ್ವಿನ್. ಆ ಬಿಸಿಯಲ್ಲೂ n = 2ರಲ್ಲಿರುವುದು ಹತ್ತಿಪ್ಪತ್ತು ಕೋಟಿ ಪರಮಾಣುಗಳಿಗೆ ಒಂದು. ಆದರೆ ಸೂರ್ಯನಲ್ಲಿ ಹೈಡ್ರೋಜನ್ ಅಷ್ಟೊಂದು ಇರುವುದರಿಂದ ಆ ಒಂದೊಂದೇ ಸೇರಿ ಎದ್ದು ಕಾಣುವ ರೇಖೆ ಮೂಡಿಸುತ್ತವೆ. ಈ ರೇಖೆಗೆ ಎಚ್-ಆಲ್ಫಾ ಎಂದು ಹೆಸರು. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ನಡೆಸುವ ಕೊಡೈಕೆನಾಲ್ ವೀಕ್ಷಣಾಲಯದಲ್ಲಿ ಇದೇ ಬೆಳಕಿನಲ್ಲಿ ಸೂರ್ಯನ ಚಿತ್ರ ತೆಗೆಯುತ್ತಾರೆ. 1868ರ ಆಗಸ್ಟ್ 18ರ ಪೂರ್ಣ ಗ್ರಹಣದಲ್ಲಿ ಫ್ರಾನ್ಸಿನ ಖಗೋಳಶಾಸ್ತ್ರಜ್ಞ ಜಾನ್ಸೆನ್ ಗುಂಟೂರಿನಿಂದ ನೋಡಿದಾಗ ಸೂರ್ಯನ ಅಂಚಿನಿಂದ ಚಿಮ್ಮುವ ಅನಿಲದ ನಾಲಿಗೆಗಳಲ್ಲಿ ಹೈಡ್ರೋಜನ್ ರೇಖೆಗಳು ಕಪ್ಪಾಗಿರದೆ ಹೊಳೆಯುತ್ತಿದ್ದವು. ಹಿಂದೆ ಪ್ರಖರ ಬೆಳಕಿಲ್ಲದೆ, ಅನಿಲವನ್ನು ಕಪ್ಪು ಆಕಾಶದ ಎದುರು ನೋಡಿದಾಗ ನಮಗೆ ಸಿಗುವುದು ಕೆಳಮುಖ ಬಾಣಗಳ ಬೆಳಕು.

ಚಿತ್ರ ಹೇಳದೇ ಇರುವುದು

ಯಾವ ರೇಖೆ ಎಷ್ಟು ಪ್ರಖರ ಎಂದು ಬಾಣದ ಉದ್ದ ಹೇಳುವುದಿಲ್ಲ. ಅದಕ್ಕೆ ಯಾವ ಮಟ್ಟದಲ್ಲಿ ಎಷ್ಟು ಎಲೆಕ್ಟ್ರಾನ್‌ಗಳಿವೆ, ಯಾವ ಇಳಿತಕ್ಕೆ ಎಷ್ಟು ಸಾಧ್ಯತೆ ಎಂಬ ಬೇರೆ ಲೆಕ್ಕ ಬೇಕು. ಇನ್ನು 13.6 ಎಂಬ ಸಂಖ್ಯೆ ಹೈಡ್ರೋಜನ್‌ಗೆ ಮಾತ್ರ. ಹೀಲಿಯಂನಲ್ಲಿ ಎರಡು ಎಲೆಕ್ಟ್ರಾನ್‌ಗಳು ಒಂದನ್ನೊಂದು ತಳ್ಳುವುದರಿಂದ ಈ ಸೂತ್ರ ನಡೆಯುವುದಿಲ್ಲ. ತುಂಬ ಒಳ್ಳೆಯ ಉಪಕರಣದಲ್ಲಿ ನೋಡಿದರೆ ಕೆಂಪು ರೇಖೆಯೂ ಒಂದಲ್ಲ. 0.014 ನ್ಯಾನೋಮೀಟರ್ ಅಂತರದ ಜೋಡಿ ಅದು, ಯಾಕೆಂದರೆ ನಾವು ಒಂದೇ ಗೆರೆಯಾಗಿ ಬರೆದ ಮಟ್ಟಗಳ ಒಳಗೂ ಸೂಕ್ಷ್ಮ ಬಿರುಕುಗಳಿವೆ.

ನಿಮ್ಮ ಹಾಳೆಯಿಂದಲೇ ಒಂದು ಲೆಕ್ಕ ಮಾಡಿ ನೋಡಿ: 4ರಿಂದ 3ಕ್ಕೆ. ಸ್ಕೇಲಿನಲ್ಲಿ ಸುಮಾರು 0.66 ಸೆಂಟಿಮೀಟರ್, ಉತ್ತರ 1876 ನ್ಯಾನೋಮೀಟರ್‌ನ ಆಸುಪಾಸು ಬರಬೇಕು. 1879 ಬಂದಿದ್ದರೆ ನೀವು 0.66 ಎಂದು ದುಂಡು ಮಾಡಿ ಭಾಗಿಸಿದ್ದೀರಿ. 525 ಬಂದಿದ್ದರೆ 1.51 ಮತ್ತು 0.85ನ್ನು ಕಳೆಯುವ ಬದಲು ಕೂಡಿಸಿದ್ದೀರಿ, ಹಂತ 2ಕ್ಕೆ ವಾಪಸ್ ಹೋಗಿ.